ಸ್ಕ್ರಿಪ್ಟ್‌ನೊಳಗೇ ಟೈಟಲ್ ಇತ್ತು: ನನ್ನ ಒಣದ್ರಾಕ್ಷಿ ವಿಡಿಯೋದ ಅನುಭವ

ವಿಜಯಪುರದ ಗೆಳೆಯರು ಬಹಳ ಜನ ‘ಟೈಟಲ್ ಬದಲಿಸಿದ್ರೆ ಏನಾಗ್ತದ, ನಸೀಬು ಬೇಕು’ ಅಂತಿದ್ದರು. ಈಗ ನನ್ನ ಯೂಟ್ಯೂಬ್ ವಿಡಿಯೋಗೆ ಸರ್ಚ್‌ನಿಂದ ಜನ ಹೇಗೆ ಬಂದರು ಅಂತ ಅವರೇ ಫೋನ್ ಮಾಡಿ ಕೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ತಿಕೋಟಾ ಕಡೆಯ ಒಂದು ಒಣದ್ರಾಕ್ಷಿ ಶೆಡ್ ಮೇಲೆ ಹನ್ನೆರಡು ನಿಮಿಷದ ವಿಡಿಯೋ ಮಾಡಿದ್ದೆ. ಟ್ಯಾಗ್, ಟೈಟಲ್ ಎಲ್ಲಾ ನೋಡಿಕೊಳ್ಳುತ್ತೇವೆ ಅಂದವರಿಗೆ ಸುಮಾರು ಆರು ಸಾವಿರ ಕೊಟ್ಟೆ. ಅವರು ಇಟ್ಟ ಹೆಸರು ‘ವಿಜಯಪುರದ ಒಣದ್ರಾಕ್ಷಿ ಉದ್ಯಮ: ಸಮಗ್ರ ಮಾಹಿತಿ’. ಜೊತೆಗೆ ಟ್ಯಾಗ್‌ಗಳ ರಾಶಿ. ಯಾರು ಹಾಗೆ ಹುಡುಕುತ್ತಾರೆ? ಟ್ಯಾಗ್‌ಗಳ ಪಾತ್ರ ತೀರಾ ಕಡಿಮೆ ಅಂತ ಯೂಟ್ಯೂಬೇ ಹೇಳುತ್ತದೆ. ವಿಡಿಯೋ ಮಲಗಿಬಿಟ್ಟಿತು.

ಆಮೇಲೆ ಸ್ಕ್ರಿಪ್ಟ್ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂತೆ. ಜನ ಬಾಯಿಬಿಟ್ಟು ಕೇಳುವಂಥ ಪ್ರಶ್ನೆಗಳಿಗೆ ಮಾತ್ರ ಗೆರೆ ಎಳೆದೆ. ನಾಲ್ಕನೇ ಪುಟದಲ್ಲಿ ಒಬ್ಬ ರೈತರ ಮಾತಿತ್ತು: ‘ನಮ್ ಮಾಲು ಯಾಕ್ರೀ ಕಪ್ಪಾಗ್ತದ?’ ಅದೇ ಟೈಟಲ್ ಆಯಿತು: ‘ಒಣದ್ರಾಕ್ಷಿ ಕಪ್ಪಾಗೋದು ಯಾಕೆ? ತಿಕೋಟಾ ಶೆಡ್‌ನಲ್ಲಿ ನೋಡಿ’. ಮಿತಿ 100 ಅಕ್ಷರ ನಿಜ, ಆದರೆ ಕನ್ನಡದಲ್ಲಿ ಒತ್ತು, ಗುಣಿತ ಎಲ್ಲಾ ಬೇರೆಬೇರೆ ಎಣಿಕೆಯಾಗುತ್ತವೆ. ಮೊಬೈಲ್‌ನಲ್ಲಿ ಬಾಲ ಕತ್ತರಿಸಿ ಹೋಗುತ್ತದೆ. ಹಾಗಾಗಿ ಪ್ರಶ್ನೆ ಮೊದಲು, ಊರು ಆಮೇಲೆ.

ಡಿಸ್ಕ್ರಿಪ್ಶನ್‌ಗೆ ಹೊಸದೇನೂ ಬರೆಯಲಿಲ್ಲ. ಆ ಪ್ರಶ್ನೆಗೆ ಸ್ಕ್ರಿಪ್ಟ್‌ನಲ್ಲೇ ಇದ್ದ ಉತ್ತರದ ಎರಡು ಸಾಲು ಎತ್ತಿ ಮೇಲಿಟ್ಟೆ: ಒಣಗಿಸುವ ಮೊದಲು ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದುವ ಡಿಪ್ಪಿಂಗ್ ಸರಿಯಾಗದಿದ್ದರೆ ಸಿಪ್ಪೆಯ ಮೇಣ ಉಳಿದು ನೀರು ನಿಧಾನಕ್ಕೆ ಆರುತ್ತದೆ, ಬಿಸಿಲು ಬಿದ್ದರೆ ಹಸಿರು ಬಣ್ಣ ಹೋಗುತ್ತದೆ. ಚಾನೆಲ್ ಪರಿಚಯ, ನಂಬರ್ ಎಲ್ಲಾ ಕೆಳಗೆ. ‘ಇನ್ನಷ್ಟು’ ಒತ್ತುವ ಮೊದಲು ಕಾಣುವುದು ಆ ಮೇಲಿನ ಸಾಲುಗಳಷ್ಟೇ, ಅಲ್ವಾ?

ವಿಡಿಯೋವನ್ನು ಭಾಗಗಳಾಗಿ ತೋರಿಸುವ ಚಾಪ್ಟರ್‌ಗೆ ಸ್ಕ್ರಿಪ್ಟ್‌ನ ಉಪಶೀರ್ಷಿಕೆ ನಡೆಯುವುದಿಲ್ಲ. ‘ಪರಿಚಯ’, ‘ಪ್ರಕ್ರಿಯೆ’ ಅಂದರೆ ಯಾರೂ ಒತ್ತುವುದಿಲ್ಲ. ಮಾತು ತಿರುಗುವ ಜಾಗ ಗುರುತಿಸಿ, ಹೆಸರನ್ನು ಅಲ್ಲಿನ ವಾಕ್ಯದಿಂದಲೇ ತೆಗೆದೆ:

```
0:00 ಮಾಲು ಕಪ್ಪಾಗೋದು ಯಾಕೆ
1:40 ಡಿಪ್ಪಿಂಗ್ ಹೇಗೆ ಮಾಡ್ತಾರೆ
5:15 ಬಿಸಿಲು ಬೇಡ, ಗಾಳಿ ಬೇಕು
8:50 ಮಳೆ ಬಂದ್ರೆ ಏನು ಮಾಡೋದು
```

ಸಮಯವನ್ನು ಮಾತ್ರ ಎಡಿಟ್ ಮುಗಿದ ಟೈಮ್‌ಲೈನ್ ನೋಡಿಯೇ ಬರೆಯಬೇಕು. ನಡುವೆ ಶೆಡ್ಡಿನ ದೃಶ್ಯ ಸೇರಿಸಿದರೆ ಸ್ಕ್ರಿಪ್ಟ್ ಓದಿ ಅಳೆದ ಲೆಕ್ಕ ಅರ್ಧ ನಿಮಿಷ ಜಾರುತ್ತದೆ. ಮೊದಲನೆಯದು 0:00 ಇರಲೇಬೇಕು, ಕನಿಷ್ಠ ಮೂರು ಇರಬೇಕು, ಒಂದೊಂದೂ 10 ಸೆಕೆಂಡಿಗಿಂತ ಚಿಕ್ಕದಾಗಬಾರದು. ಒಂದು ತಪ್ಪಿದರೂ ಪಟ್ಟಿ ಪೂರ್ತಿ ಹೋಗುತ್ತದೆ. ವಿಡಿಯೋ ಕೆಳಗಿನ ಗೆರೆ ತುಂಡು ತುಂಡಾಗಿ ಕಾಣದಿದ್ದರೆ ಇದನ್ನೇ ನೋಡಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಯೂಟ್ಯೂಬ್ ಸ್ಟುಡಿಯೋದಲ್ಲಿ ಸರ್ಚ್ ಪದಗಳನ್ನು ನೋಡಿದರೆ ಜಾಸ್ತಿ ಜನ `ona drakshi` ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ದರು. ಅದನ್ನೊಂದು ವಾಕ್ಯದಲ್ಲಿ ಸೇರಿಸಿದೆ. ಎಲ್ಲಿ, ಹೇಗೆ ಅನ್ನೋದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಮೊದಲು ಸರ್ಚ್‌ನಿಂದ ಬರುತ್ತಿದ್ದವರು ಹತ್ತರಲ್ಲಿ ಒಬ್ಬರಷ್ಟೇ. ಎರಡು ತಿಂಗಳಲ್ಲಿ ಆ ಪಾಲು ಹೆಚ್ಚುಕಡಿಮೆ ಅರ್ಧಕ್ಕೆ ಏರಿತು. ಈ ಸಲ ಖರ್ಚು ಪ್ರಿಂಟ್‌ನದು ಮಾತ್ರ. ಜಾತ್ರೆ ವಿಡಿಯೋಗೆ ಇದೇ ದಾರಿ ಹಿಡಿದೆ, ಏನೂ ಆಗಲಿಲ್ಲ. ಅದನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ, ಹೋಮ್ ಪೇಜಿನಲ್ಲಿ ಕಂಡರೆ ನೋಡುತ್ತಾರೆ. ಅಲ್ಲಿ ಥಂಬ್‌ನೇಲೇ ಕೆಲಸ ಮಾಡಬೇಕು.