ಲಾಭ ಶೇ. 30 ಏರಿತು, ನನ್ನ ಪಾಲಿಗೆ ಏನೂ ಸೇರಲಿಲ್ಲ

ಐದು ವರ್ಷ ಒಂದೇ ಕಂಪನಿಯ 10,000 ಷೇರು ಇಟ್ಟುಕೊಂಡಿದ್ದೆ. ಅದರಲ್ಲಿ ಒಂದನ್ನೂ ಮಾರಲಿಲ್ಲ, ಹೊಸದಾಗಿ ಒಂದನ್ನೂ ಕೊಳ್ಳಲಿಲ್ಲ. ಅಷ್ಟರಲ್ಲಿ ಕಂಪನಿಯ ವರ್ಷದ ಲಾಭ 20 ಕೋಟಿಯಿಂದ 26 ಕೋಟಿಗೆ ಏರಿತ್ತು. ಷೇರಿನ ಬೆಲೆ ಮಾತ್ರ 40ರ ಆಸುಪಾಸಿನಲ್ಲೇ ನಿಂತಿತ್ತು. ಈ ಲೆಕ್ಕ ಯಾವ ದೇಶದ ಹಣದಲ್ಲಾದರೂ ಒಂದೇ, ಹಾಗಾಗಿ ಬರೀ ಅಂಕಿ ಕೊಡುತ್ತೇನೆ, ಅದೂ ಸುಲಭಕ್ಕೆ ದುಂಡು ಮಾಡಿ.

ಮಾರುಕಟ್ಟೆ ಇನ್ನೂ ಈ ಕಂಪನಿಯನ್ನು ಗಮನಿಸಿಲ್ಲ ಅಂದುಕೊಂಡು ಕಾಯುತ್ತಿದ್ದೆ. ಒಂದು ರಾತ್ರಿ ಐದೂ ವರ್ಷದ ವಾರ್ಷಿಕ ವರದಿ ತೆಗೆದು, ಲಾಭದ ಸಾಲು ಬಿಟ್ಟು ಷೇರುಗಳ ಸಂಖ್ಯೆಯ ಸಾಲನ್ನು ಮಾತ್ರ ಬರೆದುಕೊಂಡೆ. ನಾನು ಕೊಂಡಾಗ ಕಂಪನಿಯ ಒಟ್ಟು ಷೇರು 10 ಕೋಟಿ ಇತ್ತು. ಈಗ 13 ಕೋಟಿ. ಲಾಭವನ್ನು ಷೇರಿಗೆ ಭಾಗಿಸಿದರೆ ಆಗಲೂ 2, ಈಗಲೂ 2. ಮಾರುಕಟ್ಟೆ ಆಗಲೂ ಈಗಲೂ ಅದರ 20 ಪಟ್ಟು ಬೆಲೆಯನ್ನೇ ಕೊಡುತ್ತಿತ್ತು. ನೋಡಬೇಕಾದ್ದನ್ನು ನೋಡದೇ ಇದ್ದವನು ನಾನು.

ಇಲ್ಲಿ ತುಂಬ ಜನ ಎಡವುವ ಒಂದು ಲೆಕ್ಕ ಇದೆ. 10 ಕೋಟಿಗೆ 3 ಕೋಟಿ ಸೇರಿದರೆ ನನ್ನ ಪಾಲು ಶೇ. 30 ಕಡಿಮೆಯಾಗುವುದಿಲ್ಲ. ಹೊಸ ಷೇರನ್ನು ಹೊಸ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. 3ನ್ನು 13ರಿಂದ ಭಾಗಿಸಿದರೆ ಸುಮಾರು ಶೇ. 23. ನನ್ನ ಪಾಲು ಕುಗ್ಗಿದ್ದು ಅಷ್ಟು. ಆದರೆ ಷೇರಿನ ಲಾಭ ಇದ್ದಲ್ಲೇ ಇರಬೇಕಾದರೂ ಕಂಪನಿಯ ಲಾಭ ಪೂರ್ತಿ ಶೇ. 30 ಏರಬೇಕು. ಈ ಕಂಪನಿ ಏರಿಸಿದ್ದೂ ಸರಿಯಾಗಿ ಅಷ್ಟೇ.

ಆ 3 ಕೋಟಿ ಷೇರು ಎಲ್ಲಿಂದ ಬಂತು ಅಂತ ಹುಡುಕಿದೆ. ಅರ್ಧದಷ್ಟು, ಅಂದರೆ 1.5 ಕೋಟಿ, ಮೊದಲ ವರ್ಷ ಕಂಪನಿ ಮಾಡಿದ ಫಾಲೋ-ಆನ್‌ನಿಂದ, ಅಂದರೆ ಈಗಾಗಲೇ ಮಾರುಕಟ್ಟೆಯಲ್ಲಿರುವ ಕಂಪನಿ ಮತ್ತೆ ಹೊಸ ಷೇರು ಹೊರಡಿಸಿ ಮಾಡುವ ಮಾರಾಟದಿಂದ ಬಂದಿತ್ತು. ಇನ್ನರ್ಧ ನೌಕರರಿಗೆ ಸಂಬಳದ ಭಾಗವಾಗಿ ಕೊಟ್ಟ ಷೇರು, ವರ್ಷಕ್ಕೆ 30 ಲಕ್ಷದಂತೆ.

ಫಾಲೋ-ಆನ್ ನೋಡಿದ ತಕ್ಷಣ ಸಿಟ್ಟು ಬಂತು. ಒಂದೇ ಏಟಿಗೆ ನನ್ನ ಪಾಲು ಶೇ. 13 ಇಳಿದಿತ್ತು. ಲೆಕ್ಕ ಹಾಕಿದ ಮೇಲೆ ಸಿಟ್ಟು ಇಳಿಯಿತು. ಮಾರಾಟಕ್ಕೆ ಮೊದಲು ಷೇರಿನ ಬೆಲೆ 40, ಅಂದರೆ ಕಂಪನಿಯ ಒಟ್ಟು ಬೆಲೆ 400 ಕೋಟಿ. ಹೊಸ ಷೇರನ್ನು 36ರಂತೆ ಮಾರಿದರು, 54 ಕೋಟಿ ಹಣ ಒಳಗೆ ಬಂತು. ಈಗ 454 ಕೋಟಿಯನ್ನು 11.5 ಕೋಟಿ ಷೇರಿಗೆ ಹಂಚಿದರೆ ಸುಮಾರು 39.5. ಪಾಲು ಚಿಕ್ಕದಾಯಿತು, ಆದರೆ ಆ ಪಾಲು ಇರುವ ವಸ್ತುವೇ ದೊಡ್ಡದಾಯಿತು. ನಿಜವಾಗಿ ಕೈಬಿಟ್ಟು ಹೋದದ್ದು ರಿಯಾಯಿತಿಯಲ್ಲಿ ಮಾರಿದ್ದರಿಂದ ಷೇರಿಗೆ ಸುಮಾರು 0.5 ಮಾತ್ರ. 40ಕ್ಕೇ ಮಾರಿದ್ದರೆ ಅದೂ ಹೋಗುತ್ತಿರಲಿಲ್ಲ. 25ಕ್ಕೆ ಮಾರಿದ್ದರೆ ಪೆಟ್ಟು ಜಾಸ್ತಿ ಬೀಳುತ್ತಿತ್ತು. ಅದಕ್ಕೇ ಫಾಲೋ-ಆನ್ ಸುದ್ದಿ ಬಂದರೆ ನಾನು ಈಗ ಎಷ್ಟು ಷೇರು ಅಂತ ಮಾತ್ರ ಕೇಳುವುದಿಲ್ಲ. ಯಾವ ಬೆಲೆಗೆ, ಆ ಹಣದಿಂದ ಏನು ಮಾಡುತ್ತಾರೆ ಅಂತಲೂ ಕೇಳುತ್ತೇನೆ. ಇಲ್ಲಿ ಷೇರಿಗೆ 2ರಂತೆ ಹೊಸ 1.5 ಕೋಟಿ ಷೇರು ತನ್ನ ಭಾರ ತಾನೇ ಹೊರಬೇಕಾದರೆ 54 ಕೋಟಿ ಹಣ ವರ್ಷಕ್ಕೆ 3 ಕೋಟಿ ದುಡಿಯಬೇಕಿತ್ತು.

ಇನ್ನೊಂದನ್ನೂ ನೋಡಿಕೊಳ್ಳಬೇಕು. ಸ್ಥಾಪಕರೋ ಹಳೆಯ ಹೂಡಿಕೆದಾರರೋ ತಮ್ಮ ಷೇರನ್ನೇ ಮಾರಿದರೆ ಅದು ಕೈ ಬದಲಾಯಿಸುತ್ತದೆ ಅಷ್ಟೆ. ಒಟ್ಟು ಸಂಖ್ಯೆ ಏರುವುದಿಲ್ಲ, ಕಂಪನಿಗೆ ಹಣವೂ ಬರುವುದಿಲ್ಲ. ಎಷ್ಟೋ ಸಲ ಒಂದೇ ಪ್ರಕಟಣೆಯಲ್ಲಿ ಎರಡೂ ಬೆರೆತಿರುತ್ತವೆ. ಕಂಪನಿ ಹೊಸದಾಗಿ ಹೊರಡಿಸುವುದು ಎಷ್ಟು ಅನ್ನುವುದನ್ನು ಬೇರೆ ಮಾಡಿ ಓದಬೇಕು.

ನೌಕರರ ಷೇರಿನ ಕಥೆ ಬೇರೆ. ಅಲ್ಲಿ ಹಣ ಒಳಗೆ ಬರುವುದಿಲ್ಲ, ಬರುವುದು ಅವರ ದುಡಿಮೆ. ಅದು ಅನ್ಯಾಯ ಅಂತ ನಾನು ಹೇಳುವುದಿಲ್ಲ. ಷೇರು ಕೊಡದಿದ್ದರೆ ಅಷ್ಟನ್ನು ನಗದಾಗಿ ಕೊಡಬೇಕಿತ್ತು, ಅಲ್ವಾ? ಆದರೆ 30 ಲಕ್ಷ ಷೇರು 40ರಂತೆ ಅಂದರೆ ವರ್ಷಕ್ಕೆ 12 ಕೋಟಿ. ಕಂಪನಿಯ ಲಾಭವೇ 20ರಿಂದ 26 ಕೋಟಿ ಇರುವಾಗ ಇದು ಸಣ್ಣ ಮೊತ್ತವಲ್ಲ. ನನ್ನ ಕಣ್ಣಿಗೆ ಬೀಳದೇ ಇದ್ದದ್ದಕ್ಕೆ ಕಾರಣ ಕ್ಯಾಶ್ ಫ್ಲೋ ಪಟ್ಟಿ. ನಗದು ಹೊರಗೆ ಹೋಗಿಲ್ಲ ಅಂತ ಈ ಖರ್ಚನ್ನು ಅಲ್ಲಿ ಲಾಭಕ್ಕೆ ಮತ್ತೆ ಕೂಡಿಸಿರುತ್ತಾರೆ. ಹಾಗಾಗಿ ಕಂಪನಿ ನಗದನ್ನು ಚೆನ್ನಾಗಿ ದುಡಿಯುತ್ತಿರುವ ಹಾಗೆ ಕಾಣುತ್ತದೆ. ಈಗ ನಾನು ಆ ಸಾಲನ್ನು ಮತ್ತೆ ಕಳೆದೇ ನೋಡುತ್ತೇನೆ.

ಕೊನೆಗೆ ಹೆಚ್ಚಾದ 6 ಕೋಟಿ ಲಾಭ ಎಲ್ಲಿ ಹೋಯಿತು ಅಂದರೆ, 3 ಕೋಟಿ ಫಾಲೋ-ಆನ್‌ನಲ್ಲಿ ಕೊಂಡವರ ಷೇರಿಗೆ, 3 ಕೋಟಿ ನೌಕರರ ಷೇರಿಗೆ. ಹಳೆಯ 10 ಕೋಟಿ ಷೇರಿಗೆ ಉಳಿದದ್ದು ಅದೇ 20 ಕೋಟಿ.

ವರದಿಯಲ್ಲಿ ಸಂಖ್ಯೆ ಹುಡುಕುವಾಗಲೂ ಎರಡು ಕಡೆ ಮೋಸ ಹೋಗಿದ್ದೆ. ಪ್ರತಿ ಷೇರಿನ ಲಾಭ ತೋರಿಸುವ ಕಡೆ ಬಳಸುವುದು ವರ್ಷದ ಸರಾಸರಿ ಸಂಖ್ಯೆ. ಫಾಲೋ-ಆನ್ ಆದದ್ದು ಕೊನೆಯ ತಿಂಗಳ ಶುರುವಿನಲ್ಲಿ. ಹಾಗಾಗಿ 1.5 ಕೋಟಿ ಷೇರು ಆ ವರ್ಷದ ಸರಾಸರಿಯಲ್ಲಿ ಬರೀ 12.5 ಲಕ್ಷವಾಗಿ ಕಂಡಿತ್ತು. ಅದಕ್ಕೆ ವರ್ಷದ ಕೊನೆಯ ದಿನದ ಸಂಖ್ಯೆಯನ್ನೇ ತೆಗೆದುಕೊಳ್ಳಬೇಕು.

ಇನ್ನೊಂದು, ಡೈಲ್ಯೂಟೆಡ್ ಸಂಖ್ಯೆ, ಅಂದರೆ ಮುಂದೆ ಷೇರಾಗಬಹುದಾದವನ್ನೂ ಲೆಕ್ಕಕ್ಕೆ ಹಿಡಿದ ಸಂಖ್ಯೆ. ಆಪ್ಷನ್ ಅಂದರೆ ಮೊದಲೇ ಗೊತ್ತುಮಾಡಿದ ಬೆಲೆಗೆ ಷೇರು ಕೊಳ್ಳಲು ನೌಕರರಿಗೆ ಇರುವ ಹಕ್ಕು. ಇನ್ನೂ ಷೇರಾಗದ ಆಪ್ಷನ್‌ಗಳನ್ನು ಅದರಲ್ಲಿ ಪೂರ್ತಿ ಸೇರಿಸುವುದಿಲ್ಲ. 60 ಲಕ್ಷ ಆಪ್ಷನ್ ಇದ್ದು, ನೌಕರರು ಒಂದಕ್ಕೆ 10 ಕೊಡಬೇಕು ಅನ್ನಿ. ಅದರಿಂದ 6 ಕೋಟಿ ಬರುತ್ತದೆ. ಆ ಹಣದಲ್ಲಿ 40ರಂತೆ 15 ಲಕ್ಷ ಷೇರನ್ನು ಕಂಪನಿ ವಾಪಸ್ ಕೊಂಡಿತು ಅಂತ ಭಾವಿಸಿ, ಉಳಿದ 45 ಲಕ್ಷವನ್ನು ಮಾತ್ರ ಸೇರಿಸುತ್ತಾರೆ. ಷೇರಿನ ಬೆಲೆ ಏರಿದಷ್ಟೂ ಈ ಸಂಖ್ಯೆ ದೊಡ್ಡದಾಗುತ್ತದೆ. ಕಂಪನಿ ನಷ್ಟದಲ್ಲಿದ್ದರಂತೂ ಇದನ್ನು ಸೇರಿಸುವುದೇ ಇಲ್ಲ, ಯಾಕೆಂದರೆ ಸೇರಿಸಿದರೆ ಪ್ರತಿ ಷೇರಿನ ನಷ್ಟ ಕಡಿಮೆ ಕಾಣುತ್ತದೆ. ನಷ್ಟದ ಕಂಪನಿಯಲ್ಲಿ ಸಾಮಾನ್ಯ ಸಂಖ್ಯೆ, ಡೈಲ್ಯೂಟೆಡ್ ಸಂಖ್ಯೆ ಎರಡೂ ಒಂದೇ ಇದೆ ಅಂತ ನೆಮ್ಮದಿ ಪಡಬಾರದು. ಟಿಪ್ಪಣಿಗಳಲ್ಲಿ ಆಪ್ಷನ್ ಮತ್ತು ಆರ್‌ಎಸ್‌ಯು, ಅಂದರೆ ಮಂಜೂರಾಗಿದ್ದರೂ ನೌಕರರ ಕೈಗೆ ಇನ್ನೂ ಸೇರದ ಷೇರು, ಬಾಕಿ ಎಷ್ಟಿದೆ ಅಂತ ಬೇರೆಯಾಗಿ ಬರೆದಿರುತ್ತಾರೆ, ಅದನ್ನು ಓದಬೇಕು.

ಆರನೇ ವರ್ಷ ಈ ಕಂಪನಿ ಬೈಬ್ಯಾಕ್, ಅಂದರೆ ತನ್ನದೇ ಷೇರನ್ನು ವಾಪಸ್ ಕೊಳ್ಳುವುದಾಗಿ ಪ್ರಕಟಿಸಿತು. ಪಾಲು ಮತ್ತೆ ಬೆಳೆಯುತ್ತದೆ ಅಂತ ಖುಷಿಯಾಯಿತು. 10 ಕೋಟಿ ಹಣ ಕೊಟ್ಟು 25 ಲಕ್ಷ ಷೇರು ಕೊಂಡರು. ಅದೇ ವರ್ಷ ನೌಕರರಿಗೆ 30 ಲಕ್ಷ ಕೊಟ್ಟರು. ವರ್ಷದ ಕೊನೆಗೆ ಸಂಖ್ಯೆ 13.05 ಕೋಟಿ. ಆ 10 ಕೋಟಿ ನನ್ನ ಪಾಲನ್ನು ಬೆಳೆಸಲಿಲ್ಲ, ಸೋರಿಕೆಯನ್ನು ಸ್ವಲ್ಪ ತಡೆಯಿತು ಅಷ್ಟೆ. ಆ ವರ್ಷದ ಸಂಬಳದ ಒಂದು ಭಾಗವನ್ನು ನಗದಾಗಿ ಕೊಟ್ಟ ಹಾಗೇ ಆಯಿತು.

ನನ್ನ ಹಾಳೆಯಲ್ಲಿ ಈಗ ಪ್ರತಿ ಕಂಪನಿಗೂ ವರ್ಷದ ಕೊನೆಯ ಷೇರು ಸಂಖ್ಯೆಗೆ ಒಂದು ಸಾಲು ಇದೆ. ಷೇರು ವಿಭಜನೆ ಆಗಿದ್ದರೆ ಹಳೆಯ ಅಂಕಿಗಳನ್ನೂ ಅದೇ ಪಟ್ಟಿನಲ್ಲಿ ತಿದ್ದಿಕೊಳ್ಳುತ್ತೇನೆ. ಇಲ್ಲದಿದ್ದರೆ ಆಗದ ಕುಗ್ಗುವಿಕೆ ಆದ ಹಾಗೆ ಕಾಣುತ್ತದೆ. ಈ ಕಂಪನಿಯ 10,000 ಷೇರಿನಲ್ಲಿ 6,000 ಮಾರಿದೆ. ಉಳಿದದ್ದನ್ನು ಇಟ್ಟುಕೊಂಡಿದ್ದೇನೆ, ಯಾಕೆಂದರೆ ಕಳೆದ ವರದಿಯಲ್ಲಿ ಹೊಸದಾಗಿ ಮಂಜೂರು ಮಾಡಿದ ನೌಕರರ ಷೇರು ಮೊದಲಿನ ಅರ್ಧಕ್ಕೆ ಇಳಿದಿದೆ. ಅವು ಕೈಗೆ ಸೇರುವುದು ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ. ಅಲ್ಲಿಯವರೆಗೆ ಹಳೆಯ ಮಂಜೂರಾತಿಯ ಷೇರುಗಳು ಬರುತ್ತಲೇ ಇರುತ್ತವೆ.