ಭೋಸರಿಯ ಚಾಪರ್‌ನಲ್ಲಿ ಮಾಸ್ಫೆಟ್ ಬಿಟ್ಟು ಐಜಿಬಿಟಿ ಹಾಕಿದ್ದು

ಪುಣೆಯ ಭೋಸರಿಯಲ್ಲಿ ಡಿಸಿಯನ್ನು ವೇಗವಾಗಿ ಆನ್-ಆಫ್ ಮಾಡಿ ಮೋಟಾರ್ ಓಡಿಸುವ ನಮ್ಮ ಚಾಪರ್‌ನಲ್ಲಿ ಸ್ವಿಚ್ ಆಗಿದ್ದ ಮಾಸ್ಫೆಟ್ ಟ್ರಾನ್ಸಿಸ್ಟರ್ ಪದೇ ಪದೇ ಸುಡುತ್ತಿತ್ತು. 415 ವೋಲ್ಟ್ ತ್ರೀಫೇಸ್ ರೆಕ್ಟಿಫೈ ಮಾಡಿದರೆ ಸುಮಾರು 585 ವೋಲ್ಟ್ ಡಿಸಿ. ಅದಕ್ಕೇ 1200 ವೋಲ್ಟಿನ ಸಿಲಿಕಾನ್ ಮಾಸ್ಫೆಟ್ ಹಾಕಿದ್ದೆ. ಕರೆಂಟ್ 15 ಆಂಪಿಯರ್, ಸ್ವಿಚಿಂಗ್ 8 ಕಿಲೋಹರ್ಟ್ಸ್.

ಧಾರವಾಡದ ಹಿರಿಯ ಸಹೋದ್ಯೋಗಿ ಕೇಳಿದರು: "ಫ್ರೀಕ್ವೆನ್ಸಿ ಅರ್ಧ ಮಾಡಿ ನೋಡಿದೆಯೇನೋ ತಮ್ಮಾ?" ಮಾಡಿದೆ. ಬಿಸಿ ಹೆಚ್ಚೇನೂ ಇಳಿಯಲಿಲ್ಲ. ಅಂದರೆ ನಷ್ಟ ಸ್ವಿಚ್ ಆಗುವಾಗಿನದಲ್ಲ, ಆನ್ ಇದ್ದಾಗಿನದು.

ಆಗ ಲೆಕ್ಕ ಹಾಕಿದೆ. ಬಿಸಿಯಾದಾಗ ಆ ಮಾಸ್ಫೆಟ್‌ನ ರೆಸಿಸ್ಟೆನ್ಸ್ ಸುಮಾರು 1 ಓಮ್. 15 × 15 × 1 = 225 ವ್ಯಾಟ್. ಅರ್ಧ ಹೊತ್ತು ಮಾತ್ರ ಆನ್ ಇದ್ದರೂ 112 ವ್ಯಾಟ್! ಐಜಿಬಿಟಿ ಇನ್ನೊಂದು ಬಗೆಯ ಟ್ರಾನ್ಸಿಸ್ಟರ್ ಸ್ವಿಚ್. ಅದು ಆನ್ ಇದ್ದಾಗ ಅದರಲ್ಲಿ ಬೀಳುವುದು ಸುಮಾರು 2 ವೋಲ್ಟ್, ಅರ್ಧ ಹೊತ್ತಿಗೆ 15 ವ್ಯಾಟ್. ಪ್ರತಿ ಸಲ ಆನ್-ಆಫ್ ಆಗಲು 3 ಮಿಲಿಜೌಲ್, 8 ಕಿಲೋಹರ್ಟ್ಸ್‌ಗೆ 24 ವ್ಯಾಟ್. ಒಟ್ಟು 39.

ಐಜಿಬಿಟಿ ಹಾಕಿದೆ, ಗೇಟಿಗೆ 15 ವೋಲ್ಟ್ ಕೊಟ್ಟೆ. ಈಗ ತೊಂದರೆಯಿಲ್ಲ.

ಇದೇ ಐಜಿಬಿಟಿಯನ್ನು 100 ಕಿಲೋಹರ್ಟ್ಸ್‌ನಲ್ಲಿ ಓಡಿಸಿದರೆ ಸ್ವಿಚಿಂಗ್ ನಷ್ಟವೇ 300 ವ್ಯಾಟ್. 48 ವೋಲ್ಟ್ ಬ್ಯಾಟರಿ ಕೆಲಸಕ್ಕೂ ಇದು ಬೇಡ. ಅಲ್ಲಿ 5 ಮಿಲಿಓಮ್ ಮಾಸ್ಫೆಟ್‌ನಲ್ಲಿ 30 ಆಂಪಿಯರ್‌ಗೆ ನಷ್ಟ ಬರೀ 4.5 ವ್ಯಾಟ್.