ಮಾವನವರನ್ನು ಮೂರನೇ ಪುಟಕ್ಕೆ ಕಳಿಸಿದ ಕಾಗದ

ಆಲ್ದೂರಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಬೆಳೆಯ ಬಹುಪಾಲು ಎಲ್ಲರ ಹಾಗೆ ವ್ಯಾಪಾರಿಗೇ ಹೋಗುತ್ತದೆ. ಒಂದಿಷ್ಟು ಅರೇಬಿಕಾ ಮಾತ್ರ ಉಳಿಸಿಕೊಂಡು, ಐದು ಕೆಜಿ ಹಿಡಿಯುವ ಡ್ರಮ್‌ನಲ್ಲಿ ಮನೆಯಲ್ಲೇ ಹುರಿದು, ಪುಡಿ ಮಾಡಿ ಅಂಚೆಯಲ್ಲಿ ಕಳಿಸುತ್ತೇವೆ. ಹೊಸ ಗಿರಾಕಿಗಳನ್ನು ಹುಡುಕಲು ನನ್ನ ಹತ್ತಿರ ಇರುವುದು ಒಂದೇ ದಾರಿ. ನೆಂಟರು, ಹಳೆ ಗಿರಾಕಿಗಳು ಕೊಟ್ಟ ವಿಳಾಸಗಳಿಗೆ ನಾಲ್ಕು ಪುಟದ ಕಾಗದ, ಜೊತೆಗೆ 50 ಗ್ರಾಂ ಪುಡಿಯ ಸಣ್ಣ ಪೊಟ್ಟಣ.

ಮೊದಲ ಕಾಗದವನ್ನು ಬಹಳ ಪ್ರೀತಿಯಿಂದ ಬರೆದಿದ್ದೆ. ಬಾಬಾ ಬುಡನ್ ಏಳು ಬೀಜ ತಂದ ಕಥೆಯಿಂದ ಶುರು. ಆಮೇಲೆ ನಮ್ಮ ಮಾವನವರು ಕಾಡು ಸವರಿ ಗಿಡ ಹಾಕಿದ್ದು, ಆನೆ ಬಂದು ಅರ್ಧ ಹಾಳು ಮಾಡಿದ್ದು, ಮಳೆಗಾಲದಲ್ಲಿ ಹಳ್ಳ ದಾಟಿ ಆಳುಗಳು ಬರುತ್ತಿದ್ದದ್ದು. ಹೀಗೆ ಎರಡೂವರೆ ಪುಟ. ಮೂರನೇ ಪುಟದ ಕೆಳಗೆ ಹುರಿಯುವ ವಿಷಯ, ನಾಲ್ಕನೆಯದರಲ್ಲಿ ಬೆಲೆ. ಓದಿದವರೆಲ್ಲ ಚೆನ್ನಾಗಿದೆ ಅಂದರು. ಕಾಫಿ ತರಿಸಿದವರು ಮಾತ್ರ ಕಡಿಮೆ.

ತಪ್ಪು ಎಲ್ಲಿದೆ ಅಂತ ಗೊತ್ತಾಗಿದ್ದು ಬೆಂಗಳೂರಿನ ನಾದಿನಿ ಮನೆಯಲ್ಲಿ. ಪಕ್ಕದ ಮನೆಯ ಹೆಂಗಸು ಬಂದಿದ್ದರು. ಕಾಗದ ಅವರ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ನೋಡುತ್ತಾ ಕೂತೆ. ಮೂರು ಸಾಲು ಓದಿದರು. ಎರಡನೇ ಪುಟದ ಮೇಲೆ ಕಣ್ಣಾಡಿಸಿದರು. ಸೀದಾ ಕೊನೆಯ ಪುಟಕ್ಕೆ ಹೋಗಿ ಬೆಲೆ ನೋಡಿದರು. ಆಮೇಲೆ ಕೇಳಿದರು, "ಇದರಲ್ಲಿ ಚಿಕೋರಿ ಎಷ್ಟಿದೆ? ಯಾವತ್ತು ಹುರಿದಿದ್ದು?"

ಎರಡಕ್ಕೂ ಉತ್ತರ ಮೂರನೇ ಪುಟದಲ್ಲಿತ್ತು. ಅವರು ಹಾರಿಸಿದ ಪುಟ ಅದೇ.

ಕಾಗದ ಉದ್ದವಾಯಿತು, ಕತ್ತರಿಸಬೇಕು ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ನನಗೆ ಹಾಗನ್ನಿಸಲಿಲ್ಲ. ಆಕೆ ಕೇಳಿದ್ದು ಕಾಗದದಲ್ಲಿ ಇತ್ತಲ್ವಾ? ಇದ್ದ ಜಾಗ ಸರಿಯಿರಲಿಲ್ಲ, ಅಷ್ಟೇ.

ಊರಿಗೆ ಬಂದು ಕಾಗದದ ಒಂದು ಪ್ರತಿಯನ್ನು ಪ್ಯಾರಾ ಪ್ಯಾರಾ ಆಗಿ ಕತ್ತರಿಸಿದೆ. ಹದಿನೇಳು ತುಂಡು. ಪ್ರತಿಯೊಂದರ ಹಿಂದೆ ಪೆನ್ಸಿಲ್‌ನಲ್ಲಿ ಅದರ ಕೆಲಸ ಬರೆದೆ: ಮಾತು, ಸಾಕ್ಷಿ, ಕಥೆ, ಬೆಲೆ. 'ಮಾತು' ಅಂದರೆ ನಾವು ಗಿರಾಕಿಗೆ ಕೊಡುವ ಮಾತು. 'ಸಾಕ್ಷಿ' ಅಂದರೆ ಅದು ನಿಜ ಅಂತ ಅವರೇ ನೋಡಿ ನಂಬಬಹುದಾದದ್ದು. ಜಗುಲಿಯ ಮೇಲೆ ಹರಡಿ ನೋಡಿದರೆ ಕಥೆಯೇ ಹನ್ನೊಂದು ತುಂಡು. ಮಾತು ಒಂದೇ ಒಂದು, ಅದೂ "ಅಪ್ಪಟ ರುಚಿಯ ಶ್ರೇಷ್ಠ ಕಾಫಿ" ಅಂತ. ಇದನ್ನು ಮೇಲಕ್ಕೆ ತಂದಿಟ್ಟರೆ ಏನು ಪ್ರಯೋಜನ? ಯಾರು ಬೇಕಾದರೂ ಹೇಳುವ ಮಾತು, ಸಾಕ್ಷಿಯೂ ಇಲ್ಲ.

ಹಾಗಾಗಿ ಮೊದಲು ಸಾಕ್ಷಿಗಳನ್ನು ಹುಡುಕಿದೆ, ಮಾತನ್ನು ಅವುಗಳಿಂದ ಕಟ್ಟಿದೆ. ಇದು ಉಲ್ಟಾ ಅನ್ನಿಸಬಹುದು, ಆದರೆ ನನಗೆ ಕೆಲಸಕ್ಕೆ ಬಂದದ್ದು ಇದೇ. ಸಾಕ್ಷಿಗಳು ಸಿಕ್ಕಿದ್ದು ಕಥೆಯೊಳಗೆ. ಉದಾಹರಣೆಗೆ ಒಂದು ಕಡೆ ಹೀಗೆ ಬರೆದಿದ್ದೆ: "ನಮ್ಮ ಯಜಮಾನರಿಗೆ ಮಾವನವರಿಂದ ಬಂದ ಅಭ್ಯಾಸ, ಪ್ರತಿ ಪೊಟ್ಟಣದ ಮೇಲೂ ಹುರಿದ ತಾರೀಕನ್ನು ಕೈಯಲ್ಲೇ ಬರೆಯುತ್ತಾರೆ." ಎಂಥ ಸಾಕ್ಷಿ ಅದು! ಅದನ್ನು ಅಭ್ಯಾಸದ ಕಥೆ ಮಾಡಿ ಹೂತುಹಾಕಿದ್ದೆ.

ಚಿಕೋರಿಯನ್ನೇ ಮುಖ್ಯ ಮಾತು ಮಾಡೋಣ ಅಂತ ಎರಡು ದಿನ ಯೋಚಿಸಿದೆ. ಕಾನೂನಿನ ಪ್ರಕಾರ ಚಿಕೋರಿ ಬೆರೆಸಿದ ಪುಡಿಯಲ್ಲೂ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಎಷ್ಟು ಬೆರೆಸಿದೆ ಅಂತ ಪೊಟ್ಟಣದ ಮೇಲೆ ಹಾಕಬೇಕು. ನಮ್ಮದರಲ್ಲಿ ಚಿಕೋರಿಯೇ ಇಲ್ಲ. ಗಾಜಿನ ಲೋಟದ ನೀರಿನ ಮೇಲೆ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ಮುಳುಗುತ್ತದೆ. ಸಾಕ್ಷಿ ಸುಲಭ. ಆದರೆ ಬೆಂಗಳೂರು, ಮೈಸೂರಿನಲ್ಲಿ ಎದುರಿಗೇ ಪುಡಿ ಮಾಡಿಕೊಡುವ ಅಂಗಡಿಗಳಿವೆ. ಚಿಕೋರಿ ಬೇಡ ಅಂದರೆ ಹಾಕುವುದಿಲ್ಲ. ಅದಕ್ಕೋಸ್ಕರ ಆಲ್ದೂರಿನಿಂದ ಯಾಕೆ ತರಿಸಬೇಕು? ಬೀಜ ಹುರಿದದ್ದು ಯಾವತ್ತು ಅಂತ ಮಾತ್ರ ಅಲ್ಲಿ ಕೊಳ್ಳುವವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ನಾವು ಆ ತಾರೀಕನ್ನು ಕೊಡಬಲ್ಲೆವು. ಹಾಗಾಗಿ ತಾಜಾತನವೇ ಮುಖ್ಯ ಮಾತು, ಚಿಕೋರಿ ಇಲ್ಲ ಅನ್ನುವುದು ಅದರ ಹಿಂದೆ ಒಂದು ಪ್ಯಾರಾ.

ಹೊಸ ಕಾಗದದ ಮೊದಲ ಸಾಲು: "ಹುರಿದ ನಾಲ್ಕನೇ ದಿನ ನಿಮ್ಮ ಮನೆಯಲ್ಲಿ." ಖುಷಿಯಿಂದ ಜೂನ್‌ನಲ್ಲಿ ಒಂದಿಷ್ಟು ಕಳಿಸಿಯೂ ಬಿಟ್ಟೆ. ಜುಲೈನಲ್ಲಿ ಘಾಟಿಯಲ್ಲಿ ಮಣ್ಣು ಕುಸಿದು, ಮಂಗಳೂರಿನ ಒಬ್ಬರಿಗೆ ಪಾರ್ಸೆಲ್ ಸಿಕ್ಕಿದ್ದು ಒಂಬತ್ತನೇ ದಿನ. ಅವರು ಜಗಳ ಆಡಲಿಲ್ಲ. "ನೀವೇ ನಾಲ್ಕು ದಿನ ಅಂತ ದೊಡ್ಡದಾಗಿ ಬರೆದಿದ್ದೀರಲ್ಲಾ" ಅಂದರು. ಅದೇ ಮಾತು ಮೂರನೇ ಪುಟದಲ್ಲಿ ಇದ್ದಿದ್ದರೆ ಅವರಿಗೆ ನೆನಪೂ ಇರುತ್ತಿರಲಿಲ್ಲ. ಮೇಲೆ ಇಟ್ಟ ಮಾತನ್ನು ಜನ ಹಿಡಿದಿಟ್ಟುಕೊಳ್ಳುತ್ತಾರೆ. ಅದು ನಮ್ಮ ಕೈಯಲ್ಲಿ ಇರುವ ಮಾತೇ ಆಗಿರಬೇಕು. ತಲುಪುವ ದಿನ ನನ್ನ ಕೈಯಲ್ಲಿಲ್ಲ, ಕಳಿಸುವ ದಿನ ಇದೆ. ಸಾಲು ಬದಲಾಯಿತು: "ಸೋಮವಾರ ಹುರಿದದ್ದು, ಮಂಗಳವಾರ ಅಂಚೆಗೆ."

ಇದರ ಕೆಳಗೇ ಸಾಕ್ಷಿ. ಅದನ್ನು ಹೀಗೆ ಬರೆದೆ:

"ಈ ಕಾಗದದ ಜೊತೆಗಿರುವ ಪೊಟ್ಟಣದ ಮೇಲೆ ಹುರಿದ ತಾರೀಕಿದೆ. ಹೊರಗಿನ ಕವರಿನ ಮೇಲೆ ಅಂಚೆಯ ತಾರೀಕಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಎರಡು ಲೋಟ ತೆಗೆದುಕೊಳ್ಳಿ. ಒಂದಕ್ಕೆ ನಮ್ಮ ಪುಡಿ ಎರಡು ಚಮಚ, ಇನ್ನೊಂದಕ್ಕೆ ಮನೆಯಲ್ಲಿರುವ ಪುಡಿ ಎರಡು ಚಮಚ. ಕುದಿಯುವ ನೀರು ಅರ್ಧ ಲೋಟ ಹಾಕಿ. ಯಾವುದು ನೊರೆಗಟ್ಟಿ ಉಬ್ಬುತ್ತದೆ ನೋಡಿ."

ಕಾಫಿ ಹುರಿದಾಗ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಸೇರಿಕೊಂಡಿರುತ್ತದೆ. ದಿನ ಕಳೆದಂತೆ ಅದು ಹೊರಗೆ ಹೋಗುತ್ತದೆ. ತಾಜಾ ಪುಡಿಗೆ ಬಿಸಿನೀರು ಬಿದ್ದರೆ ಉಳಿದದ್ದು ಒಮ್ಮೆಲೇ ಹೊರಬಂದು ಪುಡಿ ಉಬ್ಬುತ್ತದೆ. ಹಳೆಯದು ಸುಮ್ನೆ ನೆನೆದು ಕೂರುತ್ತದೆ. ಮೊದಲು "ಫಿಲ್ಟರ್‌ನಲ್ಲಿ ಹಾಕಿ ನೋಡಿ" ಅಂತ ಬರೆದಿದ್ದೆ. ಆದರೆ ಫಿಲ್ಟರ್‌ನಲ್ಲಿ ಪುಡಿಯ ಮೇಲೆ ಒತ್ತುವ ಬಿಲ್ಲೆ ಇರುತ್ತದಲ್ಲ, ಅದರಡಿ ಏನೂ ಕಾಣುವುದಿಲ್ಲ. ಲೋಟ ಅಂತ ತಿದ್ದಿದೆ. ಇನ್ನೊಂದು ತೊಂದರೆ: ಪುಡಿ ಮಾಡಿದ ಮೇಲೆ ಅನಿಲ ಬಹಳ ಬೇಗ ಹೋಗಿಬಿಡುತ್ತದೆ. ವಾರ ಬಿಟ್ಟು ನೋಡಿದರೆ ನಮ್ಮದೂ ಸಪ್ಪೆ. ಅದಕ್ಕೆ "ಬಂದ ದಿನವೇ ನೋಡಿ" ಅಂತ ಸೇರಿಸಿದೆ, ಪೊಟ್ಟಣದ ಪುಡಿಯನ್ನು ಮಂಗಳವಾರ ಬೆಳಿಗ್ಗೆಯೇ ಮಾಡತೊಡಗಿದೆ.

ಈ ಸಾಕ್ಷಿ ನಿಲ್ಲಬೇಕಾದರೆ ಕಾಗದವನ್ನು ಮಂಗಳವಾರ ಮಾತ್ರ ಅಂಚೆಗೆ ಹಾಕಬೇಕು. ಮೊದಲೆಲ್ಲ ಪುರುಸೊತ್ತಾದಾಗ ಹಾಕುತ್ತಿದ್ದೆ. ಕಾಗದದ ಸಾಲು ಹಿಂದೆಮುಂದೆ ಮಾಡಲು ಹೋಗಿ ಮನೆಯ ಕೆಲಸದ ದಿನವೇ ಬದಲಾಯಿತು.

ಮಾತು, ಸಾಕ್ಷಿ, ಚಿಕೋರಿಯ ಪ್ಯಾರಾ, ಇಷ್ಟಕ್ಕೆ ಮೊದಲ ಪುಟ ತುಂಬಿತು. ಎರಡನೆಯದರಲ್ಲಿ ಎಷ್ಟು ಕಡು ಹುರಿಯುತ್ತೇವೆ, ಪುಡಿ ಎಷ್ಟು ಸಣ್ಣ, ಬೆಲೆ ಎಷ್ಟು. ಮೂರನೆಯದರಲ್ಲಿ ಕಥೆ.

ಇಲ್ಲಿ ಮನೆಯಲ್ಲಿ ಸಣ್ಣ ಗಲಾಟೆ ಆಯಿತು. ಅತ್ತೆ ಕನ್ನಡಕ ಹಾಕಿಕೊಂಡು ಪುಟ ತಿರುವಿ, "ಏನಮ್ಮಾ, ನಿಮ್ಮ ಮಾವನ್ನ ಹಿಂದಕ್ಕೆ ಕೂರಿಸಿದೀಯಾ?" ಅಂದರು. ಏನು ಹೇಳಲಿ? "ಅತ್ತೆ, ಮೊದಲು ಮಾವನ ಹತ್ತಿರ ತನಕ ಯಾರೂ ನಿಂತು ಓದುತ್ತಿರಲಿಲ್ಲ, ಈಗ ಓದುತ್ತಾರೆ" ಅಂದೆ. ಅವರು ಪೂರ್ತಿ ಒಪ್ಪಲಿಲ್ಲ.

ಕಥೆಯನ್ನು ಹಾಗೇ ಹಿಂದಕ್ಕೆ ಸರಿಸಿದರೆ ಸಾಲದು ಅಂತ ಗೊತ್ತಾಗಿದ್ದು ಆಗಲೇ. ಮುಂದಿದ್ದಾಗ ಅದರ ಕೆಲಸ ಪರಿಚಯ. ಹಿಂದೆ ಬಂದಾಗ ಕೆಲಸ ಬೇರೆ. ಓದುವವರು ಅಷ್ಟು ಹೊತ್ತಿಗೆ ಲೋಟ ನೋಡಿ, ಬೆಲೆ ನೋಡಿ, "ಇವರಿಂದ ಪ್ರತಿ ವಾರ ಇದು ಆಗುತ್ತದಾ?" ಅಂತ ಯೋಚಿಸುತ್ತಿರುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವ ಕಥೆಯನ್ನಷ್ಟೇ ಇಟ್ಟೆ. ಆನೆ ಹೋಯಿತು. ಹಳ್ಳ ಹೋಯಿತು. ಬಾಬಾ ಬುಡನ್ ಕೂಡ ಹೋದರು. ನಮ್ಮ ಜಿಲ್ಲೆಯಲ್ಲಿ ಕಾಫಿ ಮಾರುವವರೆಲ್ಲ ಅವರನ್ನೇ ಕರೆಯುತ್ತಾರೆ, ಪಾಪ.

ಉಳಿದದ್ದು ಮಾವನವರ ಬಾಣಲೆ. ಅವರ ಕಾಲದಲ್ಲಿ ಬೆಳೆದದ್ದನ್ನು ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು, ಬೇಕಾದವರಿಗೆ ಮಾರುವ ಹಾಗಿರಲಿಲ್ಲ. ಮನೆ ಖರ್ಚಿಗೆ ಇಟ್ಟುಕೊಂಡದ್ದನ್ನು ಅವರು ವಾರಕ್ಕೊಮ್ಮೆ, ಆ ವಾರಕ್ಕೆ ಸಾಕಾಗುವಷ್ಟೇ, ಬಾಣಲೆಯಲ್ಲಿ ಹುರಿಯುತ್ತಿದ್ದರು. 1996ರ ಹೊತ್ತಿಗೆ ಪೂಲ್ ಪೂರ್ತಿ ಹೋಯಿತು. ಬಾಣಲೆಯ ಜಾಗಕ್ಕೆ ಡ್ರಮ್ ಬಂತು, ವಾರದ ಲೆಕ್ಕ ಹಾಗೇ ಉಳಿಯಿತು. ಎರಡೂವರೆ ಪುಟದ ಕಥೆ ಈಗ ಮುಕ್ಕಾಲು ಪುಟ. ಮೂರನೆಯದರಲ್ಲಿ ಮಿಕ್ಕ ಜಾಗ ಮತ್ತು ನಾಲ್ಕನೇ ಪುಟ ಹಳೆ ಗಿರಾಕಿಗಳ ಮಾತಿಗೂ ಆರ್ಡರ್ ಚೀಟಿಗೂ ಸರಿಹೋಯಿತು. ಚೀಟಿಯ ಮೇಲೆ ಮೊದಲ ಸಾಲನ್ನೇ ಮತ್ತೆ ಹಾಕಿದೆ.

ಜಾಗ ಬದಲಿಸಿದಾಗ ಆಗುವ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಮೊದಲ ಪುಟದಲ್ಲಿ "ಆ ಡ್ರಮ್‌ನಲ್ಲೇ" ಅಂತ ಉಳಿದುಬಿಟ್ಟಿತ್ತು. ಯಾವ ಡ್ರಮ್? ಅದು ಬರುವುದು ಮೂರನೇ ಪುಟದಲ್ಲಿ. "ಅವರು ಹೇಳಿದ ಹಾಗೆ" ಅಂತ ಇನ್ನೊಂದು ಕಡೆ, ಅವರು ಯಾರೋ ಗೊತ್ತಿಲ್ಲ. ಬರೆದವರ ಕಣ್ಣಿಗೆ ಇವು ಬೀಳುವುದಿಲ್ಲ, ಯಾಕೆಂದರೆ ಕಥೆ ನಮ್ಮ ತಲೆಯಲ್ಲಿರುತ್ತದೆ. ಮೊದಲ ಪುಟ ಒಂದನ್ನೇ ಮಗಳ ಗೆಳತಿಗೆ ಕೊಟ್ಟು ಜೋರಾಗಿ ಓದಿಸಿದೆ. ಆಕೆ ತಡವರಿಸಿದಲ್ಲೆಲ್ಲ ಇಂಥ ಒಂದು ಪದ ಸಿಕ್ಕಿತು.

ಮಳೆ ಕಡಿಮೆಯಾದ ಮೇಲೆ ಎರಡೂ ಕಾಗದಗಳನ್ನು ಹೋಲಿಸಿ ನೋಡಿದೆ. 240 ಹೊಸ ವಿಳಾಸ. ಪಟ್ಟಿಯಲ್ಲಿ ಒಂದು ಬಿಟ್ಟು ಒಂದಕ್ಕೆ ಹಳೆಯದು, ಉಳಿದದ್ದಕ್ಕೆ ಹೊಸದು. ಆರು ಮಂಗಳವಾರ, ಪ್ರತಿ ಸಲ ಎರಡೂ ಇಪ್ಪತ್ತಿಪ್ಪತ್ತು. ಬೆಂಗಳೂರಿಗೆ ಒಂದು, ಮೈಸೂರಿಗೆ ಇನ್ನೊಂದು ಅಂತ ಹಂಚಿದ್ದರೆ ವ್ಯತ್ಯಾಸ ಕಾಗದದ್ದೋ ಊರಿನದ್ದೋ ತಿಳಿಯುತ್ತಿರಲಿಲ್ಲ. ಹೊಸ ಕಾಗದದ ಆರ್ಡರ್ ಚೀಟಿಯ ಮೂಲೆಯಲ್ಲಿ ಒಂದು ಚುಕ್ಕಿ ಇಟ್ಟಿದ್ದೆ. ಎರಡು ತಿಂಗಳಲ್ಲಿ ಚುಕ್ಕಿ ಇಲ್ಲದ ಚೀಟಿ 4 ಬಂದವು, ಚುಕ್ಕಿ ಇರುವವು 11. ಇಷ್ಟು ಸಣ್ಣ ಲೆಕ್ಕ ಹಿಡಿದು ಜಾಸ್ತಿ ಹಾರಾಡಬಾರದು. ನನಗೆ ಹೆಚ್ಚು ನಂಬಿಕೆ ತಂದದ್ದು ಫೋನ್‌ಗಳು. ಹೊಸ ಕಾಗದ ಓದಿದವರು ಚಿಕೋರಿ ಕೇಳಲಿಲ್ಲ, ಹುರಿದ ದಿನ ಕೇಳಲಿಲ್ಲ. "ಉಬ್ಬಿತು ಕಣ್ರೀ" ಅಂತ ಇಬ್ಬರು, "ನಮ್ಮ ಅಂಗಡಿ ಪುಡಿಯೂ ಉಬ್ಬಿತಲ್ಲ?" ಅಂತ ಒಬ್ಬರು. ಆ ಅಂಗಡಿಯವರೂ ತಾಜಾ ಹುರಿಯುತ್ತಾರೆ ಅಂತಾಯಿತು, ಅಲ್ಲೇ ಕೊಳ್ಳಿ ಅಂದೆ.

ಹಳೆ ಗಿರಾಕಿಗಳಿಗೆ ದೀಪಾವಳಿಗೆ ಬರೆಯುವ ಕಾಗದಕ್ಕೆ ಈ ಜೋಡಣೆ ಸರಿಹೊಂದಲಿಲ್ಲ. ಅವರಿಗೆ ತಾರೀಕೂ ಗೊತ್ತು, ಲೋಟವೂ ಗೊತ್ತು. ಒಂದು ವರ್ಷ ಅವರಿಗೂ ಹೊಸದನ್ನೇ ಕಳಿಸಿದ್ದಕ್ಕೆ ಒಬ್ಬರು, "ಯಾಕೆ, ನಾವು ಹೊಸಬರಾ?" ಅಂತ ಬೇಜಾರು ಮಾಡಿಕೊಂಡರು. ಈಗ ಅವರಿಗೆ ಹೋಗುವ ಕಾಗದ ಆನೆಯಿಂದಲೇ ಶುರುವಾಗುತ್ತದೆ. ಅದನ್ನು ಅಂಚೆಗೆ ಹಾಕುವ ಮುಂಚೆ ಅತ್ತೆಗೆ ಓದಿ ಹೇಳುತ್ತೇನೆ.